ಬೋರ್ಡೋಗೆ ಕತ್ತಿ ಅದ್ದಬಹುದು, ಚಾಟ್‌ಬಾಟ್ ಉತ್ತರಕ್ಕೆ?

(ಚಿಕ್ಕಮಗಳೂರಿನಲ್ಲಿ ಬೆಳೆಗಾರರು, ಶಿಕ್ಷಕರು ಮತ್ತು ಕಾಲೇಜು ಮಕ್ಕಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯವಳು. ಈಗ ಇರುವುದು ಬೆಂಗಳೂರಿನಲ್ಲಿ. ಚಾಟ್‌ಬಾಟ್‌ಗಳು ಕನ್ನಡದಲ್ಲಿ ಕೊಡುವ ಉತ್ತರ ಸರಿ ಇದೆಯಾ ಅಂತ ನೋಡಿ ಗುರುತು ಹಾಕುವುದು ನನ್ನ ಕೆಲಸ. ಇವತ್ತಿನ ಮಾತನ್ನು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ ಶುರು ಮಾಡುತ್ತೇನೆ.

ನಮ್ಮ ದೊಡ್ಡಪ್ಪನಿಗೆ ಸ್ವಲ್ಪ ಕಾಫಿ ತೋಟ ಇದೆ. ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಹೋದ ವರ್ಷ ಮಳೆಗೆ ಮುಂಚೆ ಅವರ ಮಗ ಫೋನಿನಲ್ಲಿ ಚಾಟ್‌ಬಾಟ್ ಹಾಕಿಕೊಟ್ಟ. ದೊಡ್ಡಪ್ಪ ಮೊದಲು ಕೇಳಿದ್ದು ಅವರಿಗೆ ಚೆನ್ನಾಗಿ ಗೊತ್ತಿದ್ದ ವಿಷಯವನ್ನೇ. ಮೆಣಸಿಗೆ ಕೊಳೆ ರೋಗ ಬಾರದಂತೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ಮಾಡುವುದು ಹೇಗೆ? ಉತ್ತರ ಬಂತು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಹುಯ್ಯುತ್ತಾ ಕಲಸಬೇಕು. ಎಲ್ಲವೂ ಸರಿ. ದೊಡ್ಡಪ್ಪನಿಗೆ ಖುಷಿಯಾಯಿತು. ನಲವತ್ತು ವರ್ಷ ಮಾಡಿಕೊಂಡು ಬಂದಿದ್ದನ್ನು ಇದೂ ಹೇಳುತ್ತದಲ್ಲ, ಹಾಗಾದರೆ ನಂಬಬಹುದು ಅಂದುಕೊಂಡರು.

ಆಮೇಲೆ ಊರಿನ ಜಾತ್ರೆ ಬಂತು. ಕರಪತ್ರ ಬರೆಯುವ ಕೆಲಸ ದೊಡ್ಡಪ್ಪನದು. ಈ ಸಲ ದೇವಸ್ಥಾನದ ಇತಿಹಾಸವನ್ನೂ ಹಾಕೋಣ ಅಂತ ಅದೇ ಫೋನಿಗೆ ಕೇಳಿದರು. "ನಮ್ಮೂರ ದೇವಸ್ಥಾನ ಕಟ್ಟಿಸಿದ ಹೊಯ್ಸಳ ದೊರೆ ಯಾರು, ಯಾವ ಇಸವಿ?" ತಡವೇ ಇಲ್ಲ, ಒಂದು ಪುಟದಷ್ಟು ಬಂತು. ಹನ್ನೆರಡನೇ ಶತಮಾನದ ಒಂದು ಇಸವಿ. ಒಬ್ಬ ದಂಡನಾಯಕನ ಹೆಸರು. ಅವನ ಹೆಂಡತಿ ದೇವರಿಗೆ ಗದ್ದೆ ಬಿಟ್ಟಿದ್ದು. ಕೊನೆಗೆ ಆಧಾರ ಬೇರೆ: ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾ, ಆರನೇ ಸಂಪುಟ, ಮೂಡಿಗೆರೆ ತಾಲೂಕು, ಇಂಥ ನಂಬರಿನ ಶಾಸನ. ಐದುನೂರು ಪ್ರತಿ ಅಚ್ಚಾಯಿತು.

ಪಕ್ಕದ ಊರಿನಲ್ಲಿ ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರಿದ್ದಾರೆ. ಕರಪತ್ರ ನೋಡಿ ಅವರಿಗೂ ಸಂತೋಷ. ಶಾಸನ ಓದೋಣ ಅಂತ ಆ ಸಂಪುಟ ಹುಡುಕಿ ತೆಗೆದರು. ಸಂಪುಟ ನಿಜ. ಬಿ. ಎಲ್. ರೈಸ್ ಅವರು 1901ರಲ್ಲಿ ಹೊರತಂದ ಕಡೂರು ಜಿಲ್ಲೆಯ ಸಂಪುಟ ಅದು. ಆಗ ನಮ್ಮ ಜಿಲ್ಲೆಗೆ ಕಡೂರು ಅಂತಲೇ ಹೆಸರು. ತಾಲೂಕಿನ ಪ್ರಕಾರ ನಂಬರು ಹಾಕಿರುವುದೂ ನಿಜ. ಆ ನಂಬರಿನ ಶಾಸನವೂ ಇತ್ತು. ಆದರೆ ಅದು ಬೇರೆ ಊರಿನದು, ಬೇರೆ ವಿಷಯದ್ದು. ನಮ್ಮೂರಿನ ಹೆಸರು ಆ ಸಂಪುಟದಲ್ಲಿ ಎಲ್ಲೂ ಇರಲಿಲ್ಲ.

ನಾನು ಊರಿಗೆ ಹೋದಾಗ ದೊಡ್ಡಪ್ಪ ಬೇಜಾರಿನಲ್ಲಿದ್ದರು. ಕೇಳಿದರು: "ಅಲ್ಲ ಮಾರಾಯ್ತಿ, ಬೋರ್ಡೋ ಹದ ಆಗಿದೆಯೋ ಇಲ್ಲವೋ ಅಂತ ಕತ್ತಿ ಅದ್ದಿ ನೋಡ್ತೀನಿ. ಇದಕ್ಕೆ ಏನು ಅದ್ದಲಿ?"

ಇಲ್ಲಿ ಕೂತಿರುವ ಬೆಳೆಗಾರರಿಗೆ ಇದು ಗೊತ್ತು. ಗೊತ್ತಿಲ್ಲದ ಮಕ್ಕಳಿಗಾಗಿ ಹೇಳುತ್ತೇನೆ. ದ್ರಾವಣ ತಯಾರಾದ ಮೇಲೆ ಹೊಳೆಯುವ ಕಬ್ಬಿಣದ ಕತ್ತಿಯನ್ನೋ ಚಾಕುವನ್ನೋ ಸ್ವಲ್ಪ ಹೊತ್ತು ಅದ್ದಿ ಇಡುತ್ತಾರೆ. ಕೆಂಪು ಮಿಶ್ರಿತ ಕಂದು ಬಣ್ಣ ಅಂಟಿಕೊಂಡರೆ ಅದು ತಾಮ್ರ. ಸುಣ್ಣದ ಜೊತೆ ಸೇರದ ಮೈಲುತುತ್ತ ಇನ್ನೂ ಉಳಿದಿದೆ ಅಂತ ಅರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಬಣ್ಣ ಅಂಟದೇ ಇರುವವರೆಗೆ ಸುಣ್ಣದ ನೀರು ಸೇರಿಸುತ್ತಾ ಹೋಗಬೇಕು. ಡ್ರಮ್ಮಿನ ನೀಲಿ ಬಣ್ಣ ನೋಡಿ ಹದ ಗೊತ್ತಾಗುವುದಿಲ್ಲ. ಸರಿ ಇದ್ದರೂ ನೀಲಿ, ತಪ್ಪಿದ್ದರೂ ನೀಲಿ. ಗೊತ್ತಾಗುವುದು ಕತ್ತಿಯಿಂದ.

ಚಾಟ್‌ಬಾಟ್ ಉತ್ತರವೂ ಹಾಗೆಯೇ. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ನೀಲಿ. ಯಾಕೆ ಹಾಗೆ ಅನ್ನುವುದನ್ನು ಮೊದಲು ನೋಡೋಣ. ಕತ್ತಿಯ ವಿಷಯಕ್ಕೆ ಆಮೇಲೆ ಬರೋಣ.

ಚಾಟ್‌ಬಾಟ್ ಒಳಗಿರುವ ಯಂತ್ರದ ಮೂಲ ಕೆಲಸ ಒಂದೇ. ಇಲ್ಲಿವರೆಗೆ ಬರೆದಿರುವುದನ್ನು ನೋಡಿ ಮುಂದಿನ ತುಣುಕು ಯಾವುದು ಬರಬಹುದು ಅಂತ ಲೆಕ್ಕ ಹಾಕುವುದು. ಒಂದು ತುಣುಕು ಹಾಕುತ್ತದೆ, ಮತ್ತೆ ಲೆಕ್ಕ, ಮತ್ತೊಂದು ತುಣುಕು. ಈ ಲೆಕ್ಕ ಬಂದಿದ್ದು ಅದಕ್ಕೆ ಮುಂಚೆ ಓದಿಸಿರುವ ರಾಶಿ ರಾಶಿ ಬರಹದಿಂದ. ಓದಿದ ಪುಟಗಳು ಅದರೊಳಗೆ ಪುಸ್ತಕದ ಹಾಗೆ ಜೋಡಿಸಿಟ್ಟು ಕೂತಿಲ್ಲ. ಯಾವ ಮಾತಿನ ಹಿಂದೆ ಯಾವ ಮಾತು ಬರುತ್ತದೆ ಅನ್ನುವ ಒಲವು ಮಾತ್ರ ಕೋಟಿಗಟ್ಟಲೆ ಅಂಕಿಗಳಾಗಿ ಉಳಿದಿದೆ.

ಈಗ ಒಂದು ವಾಕ್ಯ ತೆಗೆದುಕೊಳ್ಳಿ. "ಬೇಲೂರಿನ ಚೆನ್ನಕೇಶವ ದೇವಸ್ಥಾನವನ್ನು ಕಟ್ಟಿಸಿದ ದೊರೆ..." ಮುಂದೆ ಏನು? ವಿಷ್ಣುವರ್ಧನ. ಇಸವಿ? 1117. ಈ ಹೆಸರು, ಈ ಇಸವಿ ಸಾವಿರಾರು ಕಡೆ ಬರೆದಿದ್ದಾರೆ. ಶಾಲೆ ಪುಸ್ತಕ, ಪ್ರವಾಸದ ಬರಹ, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೋ ಪಟ್ಟಿಗೆ ಸೇರಿದಾಗಿನ ಸುದ್ದಿ, ಹೀಗೆ. ಯಂತ್ರದ ಒಲವು ಹೆಚ್ಚುಕಡಿಮೆ ಪೂರ್ತಿ ಆ ಒಂದೇ ಅಂಕಿಯ ಕಡೆ ವಾಲಿರುತ್ತದೆ. ಬೋರ್ಡೋ ದ್ರಾವಣದ ಅಳತೆಯೂ ಹಾಗೆ. ನೂರಾರು ಕೈಪಿಡಿಗಳಲ್ಲಿ ಅದೇ ಅಳತೆ ಇದೆ.

ಅದೇ ವಾಕ್ಯಕ್ಕೆ ಬೇಲೂರು ತೆಗೆದು ನಮ್ಮೂರು ಹಾಕಿ. ನಮ್ಮೂರಿನ ಗುಡಿಯ ಬಗ್ಗೆ ಯಾರೂ ಬರೆದಿಲ್ಲ. ಆದರೆ ಇಂಥ ವಾಕ್ಯ ಹೇಗೆ ಮುಗಿಯುತ್ತದೆ ಅನ್ನುವುದು ಯಂತ್ರಕ್ಕೆ ಚೆನ್ನಾಗಿ ಗೊತ್ತು. ಈ ಸೀಮೆ, ಹೊಯ್ಸಳ ಅನ್ನುವ ಮಾತು, ಅಂದರೆ ಹನ್ನೆರಡನೇ ಶತಮಾನ. ಒಬ್ಬ ದಂಡನಾಯಕ. ಒಂದು ದತ್ತಿ. ಅಚ್ಚು ತಯಾರಾಗಿದೆ, ಒಳಗೆ ಹುಯ್ಯಲು ಸರಕಿಲ್ಲ. ಲೆಕ್ಕಕ್ಕೆ ಸುಮ್ನೆ ಹೇಳುತ್ತೇನೆ: 1130ಕ್ಕೆ ನೂರಕ್ಕೆ ಎರಡು ಪಾಲು ಒಲವು, 1142ಕ್ಕೆ ಮೂರು ಪಾಲು, 1173ಕ್ಕೆ ಎರಡು ಪಾಲು, ಹೀಗೆ ಹತ್ತಾರು ಇಸವಿಗಳಿಗೆ ಚೂರು ಚೂರು. ಯಂತ್ರ ಅದರಲ್ಲಿ ಒಂದನ್ನು ಎತ್ತಿಕೊಳ್ಳುತ್ತದೆ. ಪರದೆ ಮೇಲೆ 1142 ಅಂತ ಬರುತ್ತದೆ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಒಳಗೆ ಬೇಲೂರಿನ 1117ಕ್ಕೂ ನಮ್ಮೂರಿನ 1142ಕ್ಕೂ ಅಜಗಜಾಂತರ ಇತ್ತು. ಒಂದು ಗಟ್ಟಿ, ಇನ್ನೊಂದು ಚೀಟಿ ಎತ್ತಿದ್ದು. ಆದರೆ ಪರದೆಗೆ ಬರುವ ಹೊತ್ತಿಗೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಎರಡೂ ನಾಲ್ಕು ಅಂಕಿ. ಒಂದೇ ಅಕ್ಷರ, ಒಂದೇ ದನಿ. ಮನುಷ್ಯರಾದರೆ ಗೊತ್ತಿಲ್ಲದಾಗ ತಡವರಿಸುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ. ಅದನ್ನು ನೋಡಿ ನಾವು ನಂಬಿಕೆಯನ್ನು ಅಳೆಯುತ್ತೇವೆ. ಇಲ್ಲಿ ತಡವರಿಸುವುದೇ ಇಲ್ಲ. ಧೈರ್ಯವಾಗಿ ಹೇಳಿತಲ್ಲ ಅಂತ ನಮಗೆ ಅನ್ನಿಸುವುದು ಧೈರ್ಯವೇ ಅಲ್ಲ. ಇತಿಹಾಸದ ಪುಸ್ತಕಗಳು ಮಾತಾಡುವ ಧಾಟಿ ಅದು. ಧಾಟಿ ಕಲಿತುಕೊಂಡಿದೆ, ಅಷ್ಟೇ.

ಶಾಸನದ ನಂಬರೂ ಹೀಗೇ ಬಂದಿದ್ದು. ಪುಸ್ತಕದ ಹೆಸರು ಸಾವಿರ ಸಲ ಕಂಡಿದೆ, ಆದ್ದರಿಂದ ಸರಿ. ಸಂಪುಟದ ಸಂಖ್ಯೆ ಹಲವು ಸಲ ಕಂಡಿದೆ, ಅದೂ ಸರಿ. ತಾಲೂಕಿನ ಹೆಸರಿನ ಮುಂದೆ ಒಂದು ನಂಬರು ಬರುತ್ತದೆ ಅನ್ನುವ ಪದ್ಧತಿಯೂ ಸರಿ. ಯಾವ ನಂಬರು ಅನ್ನುವ ಕಡೇ ಚೂರು ಮಾತ್ರ ಕಟ್ಟಿದ್ದು. ಅದಕ್ಕೇ ಇದು ಹಳ್ಳಿಯ ಸುಳ್ಳು ಸುದ್ದಿಗಿಂತ ಕಷ್ಟ. ಸುತ್ತ ಇರುವುದೆಲ್ಲ ನಿಜ, ನಡುವೆ ಒಂದು ಹರಳು ಖೋಟಾ.

ಇದು ನಮ್ಮ ದೊಡ್ಡಪ್ಪನಿಗೆ ಮಾತ್ರ ಆಗಿದ್ದಲ್ಲ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಮಾನ ಕಂಪನಿಯೊಂದರ ಮೇಲಿನ ಮೊಕದ್ದಮೆಯಲ್ಲಿ ವಕೀಲರು ಕೋರ್ಟಿಗೆ ಹಳೆಯ ತೀರ್ಪುಗಳ ಪಟ್ಟಿ ಕೊಟ್ಟರು. ಚಾಟ್‌ಜಿಪಿಟಿ ಕೊಟ್ಟಿದ್ದ ಪಟ್ಟಿ. ಕಕ್ಷಿದಾರರ ಹೆಸರು, ಸಂಪುಟ, ಪುಟ, ಎಲ್ಲವೂ ಕಾನೂನಿನ ಪುಸ್ತಕದ ಶೈಲಿಯಲ್ಲೇ ಇತ್ತು. ಆದರೆ ಅದರಲ್ಲಿ ಹಲವು ತೀರ್ಪುಗಳೇ ಇರಲಿಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ನಾನು ಈ ಪ್ರಕರಣ ಹೇಳುವುದು ಇನ್ನೊಂದು ಕಾರಣಕ್ಕೆ. ಆ ವಕೀಲರು ಪರೀಕ್ಷೆ ಮಾಡದೇ ಬಿಟ್ಟವರಲ್ಲ. ಈ ತೀರ್ಪು ನಿಜವಾಗಿ ಇದೆಯಾ ಅಂತ ಕೇಳಿದ್ದರು. ಕೇಳಿದ್ದು ಅದೇ ಚಾಟ್‌ಬಾಟನ್ನು. ಇದೆ ಅಂತ ಉತ್ತರ ಬಂತು. ಇದೆ ಅಂತ ಒಮ್ಮೆ ಬರೆದಾದ ಮೇಲೆ ಅದರ ಕೆಳಗೆ ಹೌದು ಅನ್ನುವುದೇ ಹೊಂದುವ ಮುಂದಿನ ಮಾತು. ಡ್ರಮ್ಮಿನ ದ್ರಾವಣವನ್ನು ಅದೇ ದ್ರಾವಣದಿಂದ ಪರೀಕ್ಷೆ ಮಾಡಿದ ಹಾಗಾಯಿತು.

ಸರಿ, ಗೊತ್ತಿಲ್ಲ ಅಂತ ಯಾಕೆ ಹೇಳಬಾರದು? ಇದನ್ನು ಎಲ್ಲರೂ ಕೇಳುತ್ತಾರೆ. 2025ರಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ಮತ್ತು ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಇದರ ಬಗ್ಗೆಯೇ ಒಂದು ಪ್ರಬಂಧ ಬರೆದರು. ಅದರ ವಾದ ನಮ್ಮ ಪಿಯುಸಿ ಮಕ್ಕಳಿಗೆ ತಕ್ಷಣ ಅರ್ಥ ಆಗುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಗೊತ್ತಿಲ್ಲದಿದ್ದರೂ ಉತ್ತರದ ಹಾಳೆಯಲ್ಲಿ ಒಂದು ವೃತ್ತ ತುಂಬಿಸಿ ಬರುತ್ತೀರಿ, ಅಲ್ವಾ? ಖಾಲಿ ಬಿಟ್ಟರೆ ಸೊನ್ನೆ, ಊಹಿಸಿದರೆ ಸರಿಯಾಗಲೂಬಹುದು. ನೀಟ್‌ನಲ್ಲಿ ಹಾಗಲ್ಲ. ತಪ್ಪಾದರೆ ಒಂದು ಅಂಕ ಹೋಗುತ್ತದೆ, ಆದ್ದರಿಂದ ಕೈ ತಡೆಯುತ್ತದೆ. ಚಾಟ್‌ಬಾಟ್‌ಗಳನ್ನು ಅಳೆಯುವ ಪರೀಕ್ಷೆಗಳು ಹೆಚ್ಚಿನವು ಸಿಇಟಿ ಥರ. ಸರಿ ಉತ್ತರಕ್ಕೆ ಅಂಕ, ತಪ್ಪಿಗೂ ಗೊತ್ತಿಲ್ಲ ಅನ್ನುವುದಕ್ಕೂ ಒಂದೇ ಸೊನ್ನೆ. ವರ್ಷಗಟ್ಟಲೆ ಇಂಥ ಪರೀಕ್ಷೆಗೆ ತಯಾರಿ ಮಾಡಿಸಿದರೆ ಯಂತ್ರ ಊಹಿಸುವುದನ್ನೇ ಕಲಿಯುತ್ತದೆ.

ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ, ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು. ಓದಿದ ಬರಹದಲ್ಲಿ ಒಂದೇ ಒಂದು ಸಲ ಬಂದಿರುವ ಸಂಗತಿಗಳು ಇರುತ್ತವೆ. ಯಾರದೋ ಹುಟ್ಟಿದ ದಿನ, ಯಾವುದೋ ಸಣ್ಣ ಊರಿನ ಸಂಗತಿ. ಇವನ್ನು ಬೇರೆ ಯಾವುದರಿಂದಲೂ ಊಹಿಸಿ ತಿಳಿಯಲು ಆಗುವುದಿಲ್ಲ. ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಅನ್ನುವುದಕ್ಕೆ ಸಾವಿರ ಸಾಕ್ಷಿ ಇದೆ. ನಮ್ಮ ಅಜ್ಜನ ಹುಟ್ಟುಹಬ್ಬಕ್ಕೆ ಇಲ್ಲ. ಇಂಥ ಒಂದೇ ಸಲದ ಸಂಗತಿಗಳು ಎಷ್ಟು ಪಾಲು ಇವೆಯೋ, ಬರೀ ಓದಿಸಿ ಬಿಟ್ಟ ಯಂತ್ರ ಅಂಥ ವಿಷಯದಲ್ಲಿ ಕಡೇಪಕ್ಷ ಅಷ್ಟು ಪಾಲು ತಪ್ಪುತ್ತದೆ ಅಂತ ಅವರು ಲೆಕ್ಕ ಮಾಡಿ ತೋರಿಸಿದ್ದಾರೆ. ಉದಾಹರಣೆಗೆ ಆ ಪ್ರಬಂಧದ ಲೇಖಕರಲ್ಲಿ ಒಬ್ಬರದೇ ಹುಟ್ಟಿದ ದಿನವನ್ನು ಒಂದು ಚಾಟ್‌ಬಾಟಿಗೆ ಮೂರು ಸಲ ಕೇಳಿದರು. ಗೊತ್ತಿದ್ದರೆ ಮಾತ್ರ ಹೇಳು ಅಂತಲೂ ಸೇರಿಸಿದ್ದರು. ಮೂರು ಸಲ ಮೂರು ಬೇರೆ ಬೇರೆ ತಾರೀಖು ಬಂತು. ಮೂರೂ ತಪ್ಪು.

ನಮ್ಮ ಕನ್ನಡಕ್ಕೆ ಇದರಿಂದ ಹೊಡೆತ ಜಾಸ್ತಿ. ಕನ್ನಡ ವಿಕಿಪೀಡಿಯದಲ್ಲಿ ಇರುವುದು ಮೂವತ್ತು ಸಾವಿರ ಚಿಲ್ಲರೆ ಲೇಖನ. ಇಂಗ್ಲಿಷಿನಲ್ಲಿ ಎಪ್ಪತ್ತು ಲಕ್ಷದ ಆಸುಪಾಸು. ಇಂಗ್ಲಿಷಿನಲ್ಲಿ ನೂರು ಸಲ ಬಂದ ವಿಷಯ ಕನ್ನಡದಲ್ಲಿ ಒಂದು ಸಲ ಬಂದಿರಬಹುದು, ಬರದೆಯೂ ಇರಬಹುದು. ನಮ್ಮ ಹೋಬಳಿ, ನಮ್ಮ ಕೆರೆ, ನಮ್ಮ ಗುಡಿ, ನಮ್ಮ ಸೊಸೈಟಿ, ಎಲ್ಲವೂ ಆ ಒಂದೇ ಸಲದ ಪಟ್ಟಿಯಲ್ಲಿವೆ.

ಇನ್ನೊಂದು ಸಂಗತಿಯನ್ನೂ ಹೇಳಿ ಮುಂದಕ್ಕೆ ಹೋಗುತ್ತೇನೆ. ಆಂಥ್ರೊಪಿಕ್ ಅನ್ನುವ ಕಂಪನಿಯ ಸಂಶೋಧಕರು 2025ರಲ್ಲಿ ತಮ್ಮ ಚಾಟ್‌ಬಾಟಿನ ಒಳಗೆ ಏನು ನಡೆಯುತ್ತದೆ ಅಂತ ಬಿಡಿಸಿ ನೋಡಿದರು. ಅದರೊಳಗೆ ಉತ್ತರ ಹೇಳಲಾರೆ ಅನ್ನುವ ಒಂದು ತಡೆ ಮೊದಲಿನಿಂದಲೇ ಇರುತ್ತದೆ. ಪ್ರಶ್ನೆಯಲ್ಲಿ ಪರಿಚಯದ ಹೆಸರು ಕಂಡರೆ ಆ ತಡೆ ಸಡಿಲ ಆಗುತ್ತದೆ. ಎಡವಟ್ಟು ಆಗುವುದು ಹೆಸರು ಮಾತ್ರ ಪರಿಚಯ ಇದ್ದು, ಮುಂದಿನದು ಗೊತ್ತಿಲ್ಲದಾಗ. ತಡೆ ಸರಿದಿರುತ್ತದೆ, ಒಳಗೆ ಸರಕಿರುವುದಿಲ್ಲ. ದೊಡ್ಡಪ್ಪನ ಪ್ರಶ್ನೆಯಲ್ಲಿ "ಹೊಯ್ಸಳ ದೊರೆ" ಅಂತ ಇತ್ತಲ್ಲ, ಅಲ್ಲೂ ಇಂಥದ್ದೇ ಆಗಿರಬೇಕು ಅನ್ನುವುದು ನನ್ನ ಊಹೆ.

ಈಗ ಕತ್ತಿಗೆ ಬರೋಣ. ದೊಡ್ಡಪ್ಪನ ಜೊತೆ ಜಗಲಿ ಮೇಲೆ ಕೂತು ಆ ಪ್ರಶ್ನೆಯನ್ನು ಮೊದಲಿಂದ ಮತ್ತೆ ಕೇಳಿದೆವು. ಏನೇನು ಮಾಡಿದೆವು ಅಂತ ಅದೇ ಸಾಲಿನಲ್ಲಿ ಹೇಳುತ್ತೇನೆ.

ಮೊದಲು ಪ್ರಶ್ನೆಯನ್ನೇ ತಿದ್ದಿದೆವು. "ಕಟ್ಟಿಸಿದ ಹೊಯ್ಸಳ ದೊರೆ ಯಾರು" ಅಂದಾಗ ಹೊಯ್ಸಳರೇ ಕಟ್ಟಿಸಿದ್ದು ಅಂತ ದೊಡ್ಡಪ್ಪನೇ ತೀರ್ಮಾನ ಮಾಡಿ ಕೊಟ್ಟಿದ್ದರು. ಯಂತ್ರ ಆ ದಾರಿ ಹಿಡಿದು ಹೋಯಿತು. ಪ್ರಶ್ನೆಯೊಳಗೆ ಉತ್ತರದ ಅರ್ಧ ಭಾಗ ಇಟ್ಟರೆ ಉಳಿದ ಅರ್ಧವನ್ನು ಅದು ತುಂಬಿಸುತ್ತದೆ, ಜಗಳ ಆಡುವುದು ಕಡಿಮೆ. ಹೊಸದಾಗಿ ಹೀಗೆ ಬರೆದೆವು: "ಮೂಡಿಗೆರೆ ತಾಲೂಕಿನ ಈ ಊರಿನ ದೇವಸ್ಥಾನದ ಬಗ್ಗೆ ಪ್ರಕಟವಾದ ದಾಖಲೆ ನಿನಗೆ ಗೊತ್ತಿದೆಯಾ? ಖಚಿತವಾಗಿ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬರಿ. ಆ ಉತ್ತರವೂ ನನಗೆ ಉಪಯೋಗಕ್ಕೆ ಬರುತ್ತದೆ. ಇಸವಿ, ಹೆಸರು ಊಹಿಸಬೇಡ." ಈ ಸಲ ಬಂದ ಉತ್ತರ ಚಿಕ್ಕದಾಗಿತ್ತು. ಖಚಿತ ಮಾಹಿತಿ ಇಲ್ಲ, ಈ ಭಾಗದ ಹಲವು ಗುಡಿಗಳು ಹೊಯ್ಸಳರ ಕಾಲದವು, ಅಷ್ಟೇ. ದೊಡ್ಡಪ್ಪ ಎರಡು ನಿಮಿಷ ಸುಮ್ಮನಿದ್ದರು. "ಹೀಗೆ ಕೇಳಿದ್ರೆ ಹೀಗೆ ಹೇಳುತ್ತಾ?" ಅಂದರು. ಯಾವಾಗಲೂ ಹೇಳುವುದಿಲ್ಲ. ಹುಟ್ಟಿದ ದಿನದ ಕಥೆ ಆಗಲೇ ಹೇಳಿದೆನಲ್ಲ. ಆದರೂ ಹಿಂದೆ ಸರಿಯಲು ಒಂದು ಬಾಗಿಲು ತೆರೆದಿಟ್ಟರೆ ಕಟ್ಟಿ ಹೇಳುವುದು ಕಡಿಮೆ ಆಗುತ್ತದೆ. ನನ್ನ ಕೆಲಸದಲ್ಲಿ ದಿನಾ ನೋಡುತ್ತೇನೆ.

ಆಮೇಲೆ ಮಾಡಿದ್ದು ನಿಜವಾದ ಕತ್ತಿ ಪರೀಕ್ಷೆ. ದೊಡ್ಡಪ್ಪನ ಹಳೆಯ ಪ್ರಶ್ನೆಯನ್ನೇ, ಒಂದಕ್ಷರ ಬದಲಿಸದೆ, ಹೊಸ ಚಾಟ್ ತೆರೆದು ಕೇಳಿದೆವು. ಮತ್ತೆ ಇನ್ನೊಂದು ಹೊಸ ಚಾಟ್. ಮತ್ತೆ ಇನ್ನೊಂದು. ಹಳೆಯ ಮಾತುಕತೆಯ ಕೆಳಗೇ ಕೇಳಬಾರದು, ಅಲ್ಲಿ ಹಿಂದಿನ ಉತ್ತರ ಕಣ್ಣೆದುರೇ ಇರುತ್ತದೆ, ಅದಕ್ಕೇ ಅಂಟಿಕೊಳ್ಳುತ್ತದೆ. ಹೊಸ ಚಾಟಿನಲ್ಲಿ ಹಿಂದಿನದು ಇರುವುದಿಲ್ಲ. ನಿಮ್ಮ ಆ್ಯಪ್‌ನಲ್ಲಿ ಹಳೆಯ ಮಾತುಕತೆ ನೆನಪಿಟ್ಟುಕೊಳ್ಳುವ ಸೌಲಭ್ಯ ಇದ್ದರೆ ಇದನ್ನು ಮಾಡುವಾಗ ಅದನ್ನು ಆಫ್ ಮಾಡಿ. ಮೂರು ಉತ್ತರಗಳನ್ನೂ ದೊಡ್ಡಪ್ಪ ಲೆಕ್ಕದ ಪುಸ್ತಕದಲ್ಲಿ ಪಕ್ಕ ಪಕ್ಕ ಬರೆದುಕೊಂಡರು. ಮೂರರಲ್ಲೂ ಹನ್ನೆರಡನೇ ಶತಮಾನ ಇತ್ತು. ಮೂರರಲ್ಲೂ ಹೊಯ್ಸಳ ಇತ್ತು. ಇಸವಿ ಮೂರು ಬೇರೆ. ಒಂದು ಕಡೆ ದಂಡನಾಯಕ, ಒಂದು ಕಡೆ ವ್ಯಾಪಾರಿ, ಒಂದು ಕಡೆ ರಾಣಿ. ಶಾಸನದ ನಂಬರು ಎರಡು ಕಡೆ ಇತ್ತು, ಎರಡೂ ಬೇರೆ. ಆಮೇಲೆ ಬೋರ್ಡೋ ಪ್ರಶ್ನೆಯನ್ನೂ ಹಾಗೇ ಮೂರು ಸಲ ಕೇಳಿಸಿದೆ. ಮೂರು ಸಲವೂ 1 ಕೆಜಿ, 1 ಕೆಜಿ, 100 ಲೀಟರ್. ಮಾತಿನ ಜೋಡಣೆ ಬದಲಾಗಿತ್ತು, ಅಳತೆ ಬದಲಾಗಲಿಲ್ಲ.

ಕೆಂಪು ಅಂಟಿದ್ದು ಎಲ್ಲಿ, ಅಂಟದಿದ್ದು ಎಲ್ಲಿ ಅಂತ ನಾನು ಹೇಳಬೇಕಾಗಲಿಲ್ಲ. ಅವರೇ ಬೆರಳಿಟ್ಟು ತೋರಿಸಿದರು.

ಇದು ನನ್ನ ಮನೆಮದ್ದಲ್ಲ. ಮೊದಲಿಗೆ ಹೇಳಿದೆನಲ್ಲ, ಒಳಗೆ ಒಲವು ಹರಡಿದೆಯೋ ಒಂದೇ ಕಡೆ ಇದೆಯೋ ಅನ್ನುವುದು ಪರದೆಗೆ ಬರುವಾಗ ಅಳಿಸಿಹೋಗುತ್ತದೆ ಅಂತ. ಹಲವು ಸಲ ಕೇಳಿದರೆ ಅಳಿಸಿಹೋದ ಆ ಹರಡಿಕೆ ಮತ್ತೆ ಕಾಣುತ್ತದೆ. 2024ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಇದೇ ತತ್ವದ ಮೇಲೆ ಒಂದು ವಿಧಾನ ಪ್ರಕಟಿಸಿದರು. ಒಂದೇ ಪ್ರಶ್ನೆಗೆ ಹಲವು ಉತ್ತರ ತೆಗೆದು, ಪದ ಬೇರೆ ಇದ್ದರೂ ಅರ್ಥ ಒಂದೇನಾ ಅಂತ ನೋಡುವುದು. ಅರ್ಥ ಚದುರಿದರೆ ಕಟ್ಟಿದ್ದು ಅನ್ನುವ ಅನುಮಾನ. ಅವರು ಅದನ್ನು ಲೆಕ್ಕದಲ್ಲಿ ಮಾಡಿದರು, ನಾವು ಜಗಲಿ ಮೇಲೆ ಪೆನ್ನು ಹಿಡಿದು ಮಾಡಿದೆವು.

ಈ ಪರೀಕ್ಷೆಗೂ ಒಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಕಟ್ಟಿ ಹೇಳಿದ್ದನ್ನು ಇದು ಹಿಡಿಯುತ್ತದೆ, ತಪ್ಪಾಗಿ ಕಲಿತಿದ್ದನ್ನು ಹಿಡಿಯುವುದಿಲ್ಲ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನಲ್ಲೇ ಶ್ರೇಷ್ಠ ಅಂತ ಘೋಷಿಸಿದೆ ಅನ್ನುವ ಮೆಸೇಜು ಎಷ್ಟು ಸಲ ಬಂದಿದೆ ನಿಮಗೆಲ್ಲ? ಅದು ನಿಜವಲ್ಲ. ಆದರೆ ಸಾವಿರಾರು ಕಡೆ ಬರೆದಿದ್ದಾರೆ. ಇಂಥದ್ದನ್ನು ನಂಬಿ ಕಲಿತ ಯಂತ್ರ ಹತ್ತು ಸಲ ಕೇಳಿದರೂ ಹತ್ತು ಸಲ ಅದನ್ನೇ ಹೇಳಬಹುದು. ಉತ್ತರ ಬದಲಾದರೆ ಬಿಟ್ಟುಬಿಡಿ. ಬದಲಾಗದಿದ್ದರೆ ಇನ್ನೊಂದು ಕಡೆ ನೋಡುವ ಕೆಲಸ ಬಾಕಿ ಇದೆ.

ಆ ಇನ್ನೊಂದು ಕಡೆ ಯಾವುದು? ಕಾಗದ. ಮೇಷ್ಟ್ರ ಹತ್ತಿರ ಇದ್ದ ಸಂಪುಟದಲ್ಲಿ ನಮ್ಮ ಹೋಬಳಿಯ ಬೇರೆ ಊರಿನ ಶಾಸನ ಒಂದಿತ್ತು. ಆ ಪುಟದ ಫೋಟೋ ತೆಗೆದು ಹಾಕಿ, "ಈ ಪುಟದಲ್ಲಿ ಇರುವುದರಿಂದ ಮಾತ್ರ ಹೇಳು. ಪ್ರತಿ ಮಾತಿಗೂ ಪುಟದ ಯಾವ ಸಾಲು ಅಂತ ಹಾಗೇ ಎತ್ತಿ ಬರಿ. ಇಲ್ಲದ್ದನ್ನು ಇಲ್ಲ ಅನ್ನು" ಅಂದೆವು. ಈಗ ಯಂತ್ರ ತನ್ನ ಒಲವಿನಿಂದ ಇಸವಿ ಹುಟ್ಟಿಸಬೇಕಾಗಿಲ್ಲ, ಕಣ್ಣೆದುರು ಇರುವುದನ್ನು ಎತ್ತಿಕೊಟ್ಟರೆ ಸಾಕು. ಈ ಕೆಲಸದಲ್ಲಿ ಅದು ಎಷ್ಟೋ ವಾಸಿ. ಆದರೂ ಅದು ಎತ್ತಿಕೊಟ್ಟ ಸಾಲುಗಳನ್ನು ನಾವು ಪುಟದ ಮೇಲೆ ಬೆರಳಿಟ್ಟು ಹುಡುಕಿದೆವು. ಇಂಗ್ಲಿಷ್ ಅನುವಾದದ ಭಾಗದಿಂದ ಎತ್ತಿದ್ದು ಅಕ್ಷರಕ್ಕೆ ಅಕ್ಷರ ಸರಿ ಇತ್ತು. ಹಳಗನ್ನಡದ ಭಾಗದಲ್ಲಿ ಫೋಟೋದ ಅಕ್ಷರವನ್ನೇ ತಪ್ಪು ಓದಿ ಒಂದು ಹೆಸರು ಬದಲಾಗಿತ್ತು. ಬೆರಳಿಟ್ಟು ನೋಡದಿದ್ದರೆ ಅದೂ ಕರಪತ್ರಕ್ಕೆ ಹೋಗುತ್ತಿತ್ತು.

ಅಂತರ್ಜಾಲದಲ್ಲಿ ಹುಡುಕಿ ಲಿಂಕ್ ಸಮೇತ ಉತ್ತರ ಕೊಡುವ ಸೌಲಭ್ಯಕ್ಕೂ ಇದೇ ಮಾತು. ಅದನ್ನು ಆನ್ ಮಾಡಿಕೊಳ್ಳುವುದು ಒಳ್ಳೆಯದೇ. ಆದರೆ ಲಿಂಕ್ ಇದೆ ಅಂದ ಮಾತ್ರಕ್ಕೆ ಆ ಮಾತು ಆ ಪುಟದಲ್ಲಿದೆ ಅಂತಲ್ಲ. ಪುಟ ತೆರೆಯಿರಿ, ನಿಮಗೆ ಬೇಕಾದ ಆ ಅಂಕಿಯನ್ನೋ ಹೆಸರನ್ನೋ ಅಲ್ಲೇ ಹುಡುಕಿ. ಸಿಗದಿದ್ದರೆ ಲಿಂಕ್ ಇಲ್ಲ ಅಂತಲೇ ಲೆಕ್ಕ.

ಸಭೆಯಲ್ಲಿ ಒಬ್ಬ ಬೆಳೆಗಾರರು ಎದ್ದು ಕೇಳಿದರು: "ಮೇಡಂ, ದಿನಾ ಮೂರು ಮೂರು ಸಲ ಕೇಳ್ತಾ ಕೂರೋಕೆ ಆಗುತ್ತಾ?" ನ್ಯಾಯವಾದ ಪ್ರಶ್ನೆ. ಎಲ್ಲದಕ್ಕೂ ಬೇಡ. ನಾನು ಹೀಗೆ ಮಾಡುತ್ತೇನೆ. ಉತ್ತರ ಬಂದ ಮೇಲೆ ಅದರಲ್ಲಿ ಅಂಕಿ, ತಾರೀಖು, ಹೆಸರು, ನಂಬರು ಎಲ್ಲಿವೆ ಅಂತ ನೋಡುತ್ತೇನೆ. ಬೋರ್ಡೋ ಯಾಕೆ ಸುಡುತ್ತದೆ, ಹೊಯ್ಸಳರ ಗುಡಿಗಳು ಯಾಕೆ ನಕ್ಷತ್ರದ ಆಕಾರದಲ್ಲಿವೆ, ಒಂದು ಅರ್ಜಿ ಬರೆಯುವುದು ಹೇಗೆ, ಇಂಥ ವಿವರಣೆಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಕಿ, ಹೆಸರು ಕಂಡರೆ ಮಾತ್ರ ನಿಲ್ಲುತ್ತೇನೆ. ಅದು ತಪ್ಪಾದರೆ ದುಡ್ಡೋ, ಬೆಳೆಯೋ, ಆರೋಗ್ಯವೋ, ಮರ್ಯಾದೆಯೋ ಹೋಗುತ್ತದಾ ಅಂತ ಯೋಚಿಸುತ್ತೇನೆ. ಹೋಗುವ ಹಾಗಿದ್ದರೆ ಪರೀಕ್ಷೆ. ಇನ್ನು ಕೆಲವನ್ನು ನಾನು ಕೇಳುವುದೇ ಇಲ್ಲ. ಕಚೇರಿಯ ಫೋನ್ ನಂಬರು, ಸಬ್ಸಿಡಿ ಅರ್ಜಿಯ ಕೊನೆಯ ದಿನ, ಔಷಧದ ಡೋಸು. ಡೋಸು ಡಬ್ಬಿಯ ಚೀಟಿ ಮೇಲೆ ಇದೆ. ಕಾಫಿ ವಿಷಯ ಆದರೆ ಬಾಳೆಹೊನ್ನೂರಿನಲ್ಲಿ 1925ರಿಂದ ಸಂಶೋಧನಾ ಕೇಂದ್ರವೇ ಇದೆ. ಇಂಥ ಕಡೆ ಚಾಟ್‌ಬಾಟಿಗೆ ನಾನು ಕೇಳುವ ಪ್ರಶ್ನೆ ಬೇರೆ: "ಇದನ್ನು ಯಾರ ಹತ್ತಿರ ಕೇಳಬೇಕು, ಯಾವ ಕಾಗದದಲ್ಲಿ ನೋಡಬೇಕು?"

ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದಳು: ಇಂಗ್ಲಿಷಿನಲ್ಲಿ ಕೇಳಿದರೆ ತಪ್ಪು ಕಡಿಮೆ ಆಗುತ್ತದಾ? ವಿಜ್ಞಾನದ, ಹೊರದೇಶದ ವಿಷಯಕ್ಕೆ ಹೌದು, ಸಾಮಾನ್ಯವಾಗಿ ಕಡಿಮೆ. ಎರಡೂ ಭಾಷೆಯಲ್ಲಿ ಕೇಳಿ ಹೋಲಿಸಿದರೆ ಅದೂ ಒಂದು ಕತ್ತಿಯೇ. ಆದರೆ ನಿಮ್ಮೂರಿನ ಸಂಗತಿ ಯಾವ ಭಾಷೆಯಲ್ಲೂ ಬರೆದಿಲ್ಲ ಅಂದರೆ ಇಂಗ್ಲಿಷಿನಲ್ಲಿ ಕೇಳಿದರೂ ಬರುವುದು ಇಂಗ್ಲಿಷಿನಲ್ಲಿ ಕಟ್ಟಿದ ಉತ್ತರ. ಹೊಸ ಹೊಸ ಚಾಟ್‌ಬಾಟ್‌ಗಳು ಬಂದ ಹಾಗೆ ತಪ್ಪು ಕಡಿಮೆ ಆಗುತ್ತಿಲ್ಲವಾ ಅಂತಲೂ ಅವಳು ಕೇಳಿದಳು. ಚೆನ್ನಾಗಿ ಗೊತ್ತಿರುವ ವಿಷಯಗಳಲ್ಲಿ ಕಡಿಮೆ ಆಗಿದೆ. ಒಂದೇ ಸಲ ಬರೆದ, ಬರೆಯದೇ ಇರುವ ವಿಷಯಗಳಲ್ಲಿ ಈಗಲೂ ಬೆರಳಿಟ್ಟು ನೋಡಬೇಕು.

ಕರಪತ್ರದ ಕಥೆ ಏನಾಯಿತು ಅಂತ ಕೊನೆಗೆ ಹಲವರು ಕೇಳಿದರು. ಗುಡಿಯ ಹಿಂದೆ ಬಾವಿ ಪಕ್ಕ ಒಂದು ಕಲ್ಲು ಅರ್ಧ ಮಣ್ಣಿನಲ್ಲಿ ಹೂತಿದೆ. ಅದರ ಮೇಲೆ ಅಕ್ಷರ ಇರುವುದು ಊರಿನವರಿಗೆಲ್ಲ ಗೊತ್ತು, ಓದಿದವರು ಯಾರೂ ಇಲ್ಲ. ಈ ವರ್ಷದ ಕರಪತ್ರದಲ್ಲಿ ದೊಡ್ಡಪ್ಪ ಇತಿಹಾಸ ಅಂತ ಎರಡೇ ಸಾಲು ಹಾಕಿಸಿದ್ದಾರೆ. "ದೇವಸ್ಥಾನ ಕಟ್ಟಿದ ಕಾಲ ತಿಳಿದಿಲ್ಲ. ಬಾವಿಯ ಹತ್ತಿರ ಶಾಸನದ ಕಲ್ಲಿದೆ, ಓದಬಲ್ಲವರು ಜಾತ್ರೆಗೆ ಬಂದಾಗ ದಯವಿಟ್ಟು ಓದಿ ತಿಳಿಸಬೇಕು." ಮೇಷ್ಟ್ರು ಒಂದು ಭಾನುವಾರ ಬಂದು ಮಣ್ಣು ಬಿಡಿಸಿ, ನೀರು ಹಾಕಿ ತೊಳೆದು ಹೋಗಿದ್ದಾರೆ. ಮೇಲಿನ ಮೂರು ಸಾಲು ಈಗ ಬಿಸಿಲು ಓರೆಯಾಗಿ ಬಿದ್ದಾಗ ಕಾಣುತ್ತವೆ.